ಕುರ್ಚಿ ಯಾರಿಗೆ?

ಮನೆಗೆ ಮೂವತ್ತು-ನಲವತ್ತು ಮಂದಿ ನೆಂಟರು ಬರುವವರಿದ್ದಾರೆ. ಪಡಸಾಲಿ ಸಣ್ಣದು. ಕುರ್ಚಿ, ದಿವಾನ, ಸೋಫಾ ಎಲ್ಲ ಸೇರಿಸಿದರೂ ನೆಲ ಬಿಟ್ಟು ಮೇಲೆ ಕೂಡುವ ಜಾಗ ಹನ್ನೊಂದೋ ಹನ್ನೆರಡೋ. ಉಳಿದವರು ನೆಲದ ಮೇಲೆ ಕೂಡಬೇಕು. ಹಾಗಾದರೆ ಆ ಹನ್ನೆರಡು ಜಾಗ ಯಾರಿಗೆ ಕೊಡಬೇಕು? ಕೇಳಲಿಕ್ಕೆ ಇದೇನು ದೊಡ್ಡ ಪ್ರಶ್ನೆ ಅನಿಸೋದಿಲ್ಲ. ನನಗೂ ಅನಿಸಿರಲಿಲ್ಲ. ಒಂದು ದಿನ ಸಂಜೆ ನಮ್ಮ ದೊಡ್ಡವ್ವನ ಬಾತ ಕಾಲು ನೋಡಿದ ಮೇಲೆ, ಇದು ನ್ಯಾಯ ಅನ್ಯಾಯದ ಪ್ರಶ್ನೆ ಅಂತ ತಿಳೀತು. ಅದನ್ನೇ ಇಲ್ಲಿ ಬರೀತೀನಿ.

ನಮ್ಮ ಊರು ಜಹೀರಾಬಾದಿನ ಹತ್ತಿರ. ನನ್ನ ತಂಗಿಯನ್ನು ಕೊಟ್ಟದ್ದು ನಾರಾಯಣಖೇಡಕ್ಕೆ, ಹಿರಿಯ ಮಗಳನ್ನು ಕೊಟ್ಟದ್ದು ತಾಂಡೂರಿಗೆ, ಹೆಂಡತಿಯ ತವರು ಬೀದರ. ಹಿಂದಿನವರಿಗೆ ಇವೆಲ್ಲ ಒಂದೇ ಅಂಗಳ ಇದ್ದಂತೆ ಇದ್ದವು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹಂಚಿದಾಗ ಬೀದರ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಬೀಗತನ ಮಾತ್ರ ಗಡಿ ನೋಡಲಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಸಣ್ಣ ಕಾರ್ಯ ಅಂದರೂ ಮೂರು ನಾಲ್ಕು ಊರಿನಿಂದ ಜನ ಬಸ್ಸು ಬದಲಿಸಿ ಬರಬೇಕು. ಬರುವವರಲ್ಲಿ ಅರ್ಧ ಜನ ವಯಸ್ಸಾದವರು. ಎರಡು ಮೂರು ತಾಸು ಬಸ್ಸಿನಲ್ಲಿ ಕಾಲು ಮಡಚಿ ಕೂತು, ಇಳಿದು ನಡೆದು ಬಂದವರು. ಅವರನ್ನು ಎಲ್ಲಿ ಕೂಡಿಸಬೇಕು ಅನ್ನೋದೇ ಮನೆಯವರಿಗೆ ಮೊದಲ ಕೆಲಸ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಹಿರಿಯ ಮಗಳ ಕೂಸಿನ ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಮಳೆ ಬಿಡದೆ ಹಿಡಿದಿತ್ತು. ಮನೆ ಮುಂದಿನ ಓಣಿಯಲ್ಲಿ ಷಾಮಿಯಾನ ಹಾಕಿಸೋಣ ಅಂದರೆ ನೆಲವೆಲ್ಲ ರಾಡಿ. ಹೀಗಾಗಿ ಗಂಡಸರು ಹೆಂಗಸರು ಎಲ್ಲರೂ ಪಡಸಾಲಿಯಲ್ಲೇ ಕೂಡಬೇಕಾಯಿತು.

ಪಡಸಾಲಿ 12 ಅಡಿ ಅಗಲ, 16 ಅಡಿ ಉದ್ದ. ನೆಲಕ್ಕೆ ತಾಂಡೂರು ಕಲ್ಲಿನ ಪರ್ಸಿ ಹಾಕಿದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಇರುತ್ತದೆ. ನಮ್ಮ ಮನೆಯ ಪರ್ಸಿ ಒಂದೊಂದೂ 2 ಅಡಿ ಚೌಕದ್ದು. ಅಗಲಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48 ಕಲ್ಲು. ಜಾಗ ಅಳೆಯಲಿಕ್ಕೆ ಟೇಪು ಬೇಕಾಗಿಲ್ಲ, ಕಲ್ಲು ಎಣಿಸಿದರೆ ಸಾಕು. ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ಮನುಷ್ಯನಿಗೆ ಒಂದು ಕಲ್ಲು ಬೇಕು. ಕುರ್ಚಿಗೆ ಒಂದು ಕಲ್ಲು, ಕೂತವರ ಕಾಲಿಗೆ ಮುಂದೆ ಇನ್ನೊಂದು, ಅಂದರೆ ಎರಡು. ಮೂರು ಮಂದಿ ಕೂಡುವ ನಮ್ಮ ಕಟ್ಟಿಗೆ ಸೋಫಾಕ್ಕೆ ಆರು. ದಿವಾನಕ್ಕೂ ಆರು, ಆದರೆ ಅದರ ಮೇಲೆ ಗೋಡೆಗೆ ಲೋಡು ಇಟ್ಟರೆ ನಾಲ್ಕು ಮಂದಿ ಕೂಡುತ್ತಾರೆ. ಮುಂಬಾಗಿಲಿನಿಂದ ಅಡಿಗಿ ಮನೆ ಬಾಗಿಲ ತನಕ ಒಂದು ಸಾಲು ಕಲ್ಲು ಖಾಲಿ ಬಿಡಲೇಬೇಕು. ಅದನ್ನು ಬಿಡದಿದ್ದರೆ ಚಹಾದ ತಾಟು ಹಿಡಿದವರು ಕೂತವರ ತಲೆ ಮೇಲಿಂದ ದಾಟಬೇಕಾಗುತ್ತದೆ.

ನಾನು ಒಂದು ಹಾಳೆಯ ಮೇಲೆ 48 ಚೌಕ ಹಾಕಿ ಲೆಕ್ಕ ಮಾಡಿದೆ. ನಡೆಯುವ ದಾರಿಗೆ 8, ತೊಟ್ಟಿಲಿಗೆ 4, ದಿವಾನಕ್ಕೆ 6, ಸೋಫಾಕ್ಕೆ 6, ನಾಲ್ಕು ಕುರ್ಚಿಗೆ 8. ಇಷ್ಟು ಕಳೆದರೆ ಉಳಿದದ್ದು 16. ಅಲ್ಲಿಗೆ ಮೇಲೆ ಕೂಡುವವರು 11, ನೆಲದ ಮೇಲೆ ಜಮಖಾನ ಹಾಸಿ ಕೂಡುವವರು 16, ಒಟ್ಟು 27. ಉಳಿದವರು ಹೊರಗಿನ ಕಟ್ಟೆ ಮೇಲೆ.

ಹೆಂಡತಿ ಹಾಳೆ ನೋಡಿ, "ಸೋಫಾ ಹೊರಗ ಇಡ್ರಿ. ಮೂರು ಮಂದಿಗೆ ಆರು ಕಲ್ಲು ತಿಂತದ" ಅಂದಳು. ಲೆಕ್ಕ ಅವಳದೇ ಸರಿ ಇತ್ತು. ಅದೇ ಆರು ಕಲ್ಲಿನಲ್ಲಿ ನೆಲದ ಮೇಲೆ ಆರು ಮಂದಿ ಕೂಡುತ್ತಿದ್ದರು. ನಾನು ಒಪ್ಪಲಿಲ್ಲ. "ತಾಂಡೂರಿನ ಬೀಗರು ಬರೂರದಾರ. ಸೋಫಾ ಇದ್ದೂ ತೆಗದಿಟ್ರ ಏನಂದಾರು?" ಅಂದೆ. ಸೋಫಾ ಉಳಿಯಿತು. ಹನ್ನೊಂದು ಜಾಗದ ಮುಂದೂ ನಾನು ಬರೆದದ್ದು ಒಂದೇ ಮಾತು: ಬೀಗರು.

ಕಾರ್ಯ ಚೆನ್ನಾಗಿ ಆಯಿತು ಅಂತಲೇ ಎಲ್ಲರೂ ಹೇಳಿದರು. ಕೂಸಿಗೆ ಹೆಸರಿಟ್ಟರು, ಹಾಡು ಹೇಳಿದರು, ಊಟ ಆಯಿತು. ಬೀಗರು ಸೋಫಾದ ಮೇಲೆ, ದಿವಾನದ ಮೇಲೆ, ಕುರ್ಚಿಯ ಮೇಲೆ ಕೂತರು. ಅವರಲ್ಲಿ ಐದಾರು ಮಂದಿ ಇಪ್ಪತ್ತು ಮೂವತ್ತರ ಪ್ರಾಯದ ಹುಡುಗರು. ಅಳಿಯನ ತಮ್ಮ, ಅವನ ಗೆಳೆಯರು. ಅವರನ್ನೂ ನಾನೇ ಕೈ ಹಿಡಿದು ಕುರ್ಚಿಯ ಮೇಲೆ ಕೂಡಿಸಿದ್ದೆ. ಅವರು "ನಾವು ಕೆಳಗ ಕೂಡ್ತೀವ್ರೀ ಮಾವ" ಅಂದರೂ ಬಿಟ್ಟಿರಲಿಲ್ಲ.

ಸಂಜೆ ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ದೊಡ್ಡವ್ವ ಜೋಳದ ಚೀಲದ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ನಮ್ಮ ದೊಡ್ಡಪ್ಪನ ಹೆಂಡತಿ, ಎಪ್ಪತ್ತು ದಾಟಿದವಳು. ಕೆಲಸಕ್ಕೆ ಆಸರಾಗಲಿ ಅಂತ ನಾಲ್ಕು ದಿನ ಮೊದಲೇ ಬಂದಿದ್ದಳು. ಎರಡೂ ಮೊಣಕಾಲು ಸವೆದಿವೆ. ನೆಲದ ಮೇಲೆ ಕೂತರೆ ಏಳಲು ಇಬ್ಬರು ಎತ್ತಬೇಕು. ಹಿಮ್ಮಡಿಯಿಂದ ಮೀನಖಂಡದ ತನಕ ಕಾಲು ಬಾತಿದ್ದವು. ಬೆರಳಿಟ್ಟು ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು.

"ದೊಡ್ಡವ್ವ, ದಿನಾ ಹಿಂಗ ಬಾಯ್ತಾವೇನು?" ಅಂತ ಕೇಳಿದೆ.

"ದಿನಾ ಇಲ್ಲಪ್ಪ. ಇವತ್ತ ಮುಂಜಾನಿಂದ ನಿಂತೇ ಇದ್ದೆ."

"ಕೂಡಬೇಕಿಲ್ಲ? ಯಾರಾದ್ರು ಬ್ಯಾಡಂದ್ರೇನು?"

"ಯಾರೂ ಬ್ಯಾಡ ಅಂದಿಲ್ಲ ತಮ್ಮಾ. ನೆಲಕ್ಕ ಕೂತ್ರ ಏಳಲಾಕ ಬರಲ್ಲ. ಬೀಗರ ಎದುರು ಕುರ್ಚಿ ಮ್ಯಾಲ ಕೂಡಲಾಕ ಮನಸ ಬರಲ್ಲ. ಎಲ್ಲಿ ಕೂಡಬೇಕಂತ ತಿಳೀಲಿಲ್ಲ, ನಿಂತೆ."

ಅವಳು ದೂರು ಹೇಳಲಿಲ್ಲ. ನಗುತ್ತಲೇ ಹೇಳಿದಳು. ನಾನು ಒಳಗೆ ಬಂದು ಗೋಡೆಗೆ ಸಿಕ್ಕಿಸಿದ್ದ ಆ ಹಾಳೆ ತೆಗೆದು ನೋಡಿದೆ. 48 ಚೌಕದಲ್ಲಿ ತೊಟ್ಟಿಲಿಗೆ ಕಲ್ಲು ಇತ್ತು, ಚಹಾದ ತಾಟು ಹೋಗುವ ದಾರಿಗೆ ಕಲ್ಲು ಇತ್ತು. ದೊಡ್ಡವ್ವನಿಗೆ ಒಂದೂ ಕಲ್ಲು ಇರಲಿಲ್ಲ. ಅವಳೊಬ್ಬಳೇ ಅಲ್ಲ, ಅಡಿಗಿ ಮನೆಯಲ್ಲಿದ್ದ ಆರು ಹೆಂಗಸರಲ್ಲಿ ಯಾರಿಗೂ ಇರಲಿಲ್ಲ. ಅವರು ಬಂದವರ ಲೆಕ್ಕದಲ್ಲಿ ಇರಲೇ ಇಲ್ಲ.

ತಪ್ಪು ಎಲ್ಲಿ ಆಯಿತು ಅಂತ ಆ ಮೇಲೆ ಬಹಳ ದಿನ ಯೋಚನೆ ಮಾಡಿದೆ. ಜಾಗ ಸಾಲದೆ ಆದ ತಪ್ಪಲ್ಲ ಇದು. ಮೊಣಕಾಲು ಗಟ್ಟಿ ಇದ್ದ ಐದಾರು ಹುಡುಗರು ಕುರ್ಚಿಯ ಮೇಲೆ ಇದ್ದರು, ಮೊಣಕಾಲು ಸವೆದ ಮುದುಕಿ ನಿಂತಿದ್ದಳು. ಆ ಹುಡುಗರಿಗೆ ಕುರ್ಚಿ ಬೇಕಾಗಿರಲಿಲ್ಲ, ಅವರೇ ಬೇಡ ಅಂದಿದ್ದರು. ಆದರೂ ಕೊಟ್ಟೆ. ಯಾಕೆಂದರೆ ನನ್ನ ತಲೆಯಲ್ಲಿ ಕುರ್ಚಿ ಅಂದರೆ ಕೂಡುವ ವಸ್ತು ಆಗಿರಲಿಲ್ಲ, ಮರ್ಯಾದೆ ಆಗಿತ್ತು. ದೊಡ್ಡವ್ವನ ತಲೆಯಲ್ಲೂ ಹಾಗೇ ಇತ್ತು. ಅದಕ್ಕೇ ಅವಳಿಗೆ ಕೇಳಲು ಬಾಯಿ ಬರಲಿಲ್ಲ. ಮರ್ಯಾದೆಯನ್ನು ಯಾರಾದರೂ ಕೊಡಬೇಕು, ಅದನ್ನು ಕೇಳಿ ತೆಗೆದುಕೊಳ್ಳಲು ಬರುವುದಿಲ್ಲ. ಕಾಲು ನೋಯುತ್ತವೆ, ಒಂದು ಕುರ್ಚಿ ಕೊಡಿ ಅಂದರೆ, ನನಗೆ ಮರ್ಯಾದೆ ಕೊಡಿ ಅಂತ ಕೇಳಿದ ಹಾಗಾಗುತ್ತದೆ. ಮಾನವಂತರು ಹಾಗೆ ಕೇಳುವುದಕ್ಕಿಂತ ನಿಲ್ಲುವುದೇ ಮೇಲು ಅಂದುಕೊಳ್ಳುತ್ತಾರೆ.

ಈ ವಿಷಯ ಗೆಳೆಯರೊಬ್ಬರ ಮುಂದೆ ತೆಗೆದಾಗ ಅವರು ಸರಳ ಉಪಾಯ ಹೇಳಿದರು. "ಕುರ್ಚಿನೇ ಇಡಬ್ಯಾಡ್ರಿ. ಎಲ್ಲಾರೂ ನೆಲಕ್ಕ ಕೂಡ್ಲಿ. ದೊಡ್ಡವ ಸಣ್ಣವ ಅನ್ನೂದೇ ಬರಲ್ಲ." ಈ ಮಾತಿನ ಹಿಂದೆ ದೊಡ್ಡ ಪರಂಪರೆ ಇದೆ. ನಮ್ಮ ಊರಿನಿಂದ ಹೆದ್ದಾರಿ ಹಿಡಿದು ಹುಮನಾಬಾದ ದಾಟಿದರೆ ಬಸವಕಲ್ಯಾಣ. ಅಲ್ಲಿ 12ನೆಯ ಶತಮಾನದ ಅನುಭವ ಮಂಟಪದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ, ಬ್ರಾಹ್ಮಣ ಕುಲದ ಮಧುವರಸ ಒಟ್ಟಿಗೆ ಕೂತು ಮಾತಾಡಿದರು ಎಂದು ನಾವು ಕೇಳುತ್ತ ಬಂದಿದ್ದೇವೆ. ಆ ಹರಳಯ್ಯ, ಮಧುವರಸರು ಬೀಗರಾದದ್ದಕ್ಕೇ ಕಲ್ಯಾಣದಲ್ಲಿ ನೆತ್ತರು ಹರಿಯಿತು. ಯಾರ ಪಕ್ಕದಲ್ಲಿ ಯಾರು ಕೂಡಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ ಅಂತ ನಮ್ಮ ನೆಲಕ್ಕೆ ಮೊದಲೇ ಗೊತ್ತು. ಇನ್ನು ಬೀದರದ ಗುರುನಾನಕ್ ಝೀರಾಕ್ಕೆ ನಮ್ಮವರು ಬಹಳ ಮಂದಿ ಹೋಗಿ ಬಂದಿದ್ದಾರೆ. ಅಲ್ಲಿ ಲಂಗರದಲ್ಲಿ ಬಡವ ಬಲ್ಲಿದ ಅನ್ನದೆ ಎಲ್ಲರಿಗೂ ನೆಲದ ಮೇಲೆ ಒಂದೇ ಸಾಲು.

ಆದರೆ ಇದೇ ಲಂಗರದ ವಿಷಯದಲ್ಲಿ ಒಂದು ಜಗಳವೂ ನಡೆದಿದೆ, ಅದನ್ನೂ ತಿಳಿಯಬೇಕು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಹೋಗಿ ನೆಲಸಿದ ಸಿಖ್ಖರು ಅಲ್ಲಿನ ಕೆಲವು ಗುರುದ್ವಾರಗಳಲ್ಲಿ ಮೇಜು ಕುರ್ಚಿ ಹಾಕಿ ಲಂಗರ ನಡೆಸುತ್ತಿದ್ದರು. 1998ರಲ್ಲಿ ಅಮೃತಸರದ ಅಕಾಲ ತಖ್ತಿನಿಂದ, ಲಂಗರವನ್ನು ನೆಲದ ಮೇಲೆ ಕೂತೇ ಉಣ್ಣಬೇಕು, ಮೇಜು ಕುರ್ಚಿ ತೆಗೆಯಬೇಕು ಎಂಬ ಆಜ್ಞೆ ಹೊರಟಿತು. ಅಲ್ಲಿನ ಸಮಾಜ ಎರಡು ಭಾಗವಾಯಿತು. ನೆಲವೇ ಸಮಾನತೆ ಅಂದವರು ಒಂದು ಕಡೆ. ಕುರ್ಚಿಯ ಮೇಲೆ ಎಲ್ಲರೂ ಕೂತರೆ ಅದೂ ಸಮಾನತೆಯೇ ಅಂದವರು ಇನ್ನೊಂದು ಕಡೆ. ಅವರ ಧರ್ಮದ ವಿಷಯ ಅವರಿಗೆ ಬಿಟ್ಟದ್ದು, ಅದರಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಆ ಜಗಳದಿಂದ ನನ್ನ ಪಡಸಾಲಿಗೆ ಒಂದು ಮಾತು ಸಿಕ್ಕಿತು. ನೆಲ ಎಲ್ಲರಿಗೂ ಒಂದೇ, ಮೊಣಕಾಲು ಎಲ್ಲರಿಗೂ ಒಂದೇ ಅಲ್ಲ. ಇಪ್ಪತ್ತರ ಹುಡುಗನಿಗೂ ದೊಡ್ಡವ್ವನಿಗೂ ಒಂದೊಂದು ಕಲ್ಲು ಕೊಟ್ಟರೆ ಹಾಳೆಯ ಮೇಲೆ ಸಮ ಕಾಣುತ್ತದೆ. ಹುಡುಗ ಕೂತು ಏಳುತ್ತಾನೆ. ದೊಡ್ಡವ್ವನಿಗೆ ಆ ಕಲ್ಲು ಕೊಟ್ಟರೂ ಕೊಡದಂತೆಯೇ. ಎಲ್ಲರೂ ನೆಲಕ್ಕೆ ಕೂತರೆ ಮೇಲು ಕೀಳು ಹೋಗುತ್ತದೆ ಅನ್ನೋದು ನಿಜ, ಆದರೆ ಕೂಡಲು ಬರುವವರ ನಡುವೆ ಮಾತ್ರ ಹೋಗುತ್ತದೆ. ಕೂಡಲು ಬರದವರು ಅಡಿಗಿ ಮನೆಯಲ್ಲಿ ನಿಂತಿರುತ್ತಾರೆ, ಸಾಲಿನಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಯಾರಿಗೆ ಗರಜು ಇದೆಯೋ ಅವರಿಗೆ ಕೊಡಬೇಕು. ಇದು ಸುಲಭ ಅನಿಸುತ್ತದೆ. ಇದರಲ್ಲೂ ಒಂದು ಮುಳ್ಳು ಇದೆ. ನಾಲ್ಕು ಮಂದಿ ಎದುರು "ನಿಮಗ ಮೊಣಕಾಲು ನೋವು ಅದ ಅಲ್ಲ, ನೀವು ಕುರ್ಚಿ ಮ್ಯಾಲ ಕೂಡ್ರಿ" ಅಂದರೆ, ಅವರ ನೋವನ್ನು ಸಭೆಯಲ್ಲಿ ಸಾರಿದಂತೆ. ಮುಪ್ಪು ಎಲ್ಲರಿಗೂ ಬರುತ್ತದೆ, ಆದರೆ ಅದನ್ನು ಬೆರಳು ಮಾಡಿ ತೋರಿಸಿದರೆ ಯಾರಿಗೂ ಹಿತ ಅನಿಸುವುದಿಲ್ಲ. ಕೆಲವರು ಹಟಕ್ಕೆ ನೆಲದ ಮೇಲೇ ಕೂತುಬಿಡುತ್ತಾರೆ. ಹಾಗಾಗಿ ಕುರ್ಚಿ ಕೊಡುವುದಷ್ಟೇ ಸಾಲದು. ಕೇಳುವ ಪ್ರಸಂಗವೂ ಬರಬಾರದು, ಆರಿಸಿಕೊಳ್ಳುವ ಪ್ರಸಂಗವೂ ಬರಬಾರದು, ಹಾಗೆ ಕೊಡಬೇಕು. ಅದು ಮಾತಿನಿಂದ ಆಗುವ ಕೆಲಸ ಅಲ್ಲ. ಹಿಂದಿನ ದಿನವೇ ಸಾಮಾನು ಸರಿಸುವಾಗ ಆಗುವ ಕೆಲಸ.

ಇದನ್ನು ಪರೀಕ್ಷೆ ಮಾಡುವ ದಿನ ಹೋದ ವರ್ಷ ಮಾಘದಲ್ಲಿ ಬಂತು. ಸಣ್ಣ ಮಗಳ ನಿಶ್ಚಯ. ಗಂಡಿನ ಕಡೆಯವರು ಹೊಸಬರು, ಇನ್ನೂ ಬೀಗರಾಗಬೇಕಾದವರು. ಅಂದರೆ ಹೆದರಿಕೆ ಮೊದಲಿನಕ್ಕಿಂತ ಹೆಚ್ಚು. ಒಂದು ಮಾತು ಹೆಚ್ಚು ಕಡಿಮೆಯಾದರೂ ಸಂಬಂಧ ಮುರಿಯಬಹುದು. ಮಳೆ ಇರಲಿಲ್ಲ, ಓಣಿಯಲ್ಲಿ ಷಾಮಿಯಾನ ಹಾಕಿಸಿ ಪ್ರಾಯದವರಿಗೆಲ್ಲ ಅಲ್ಲಿ ವ್ಯವಸ್ಥೆ ಮಾಡಿದೆವು. ಆದರೆ ಹಿರಿಯರು ಕೂತು ಮಾತಾಡುವ ಜಾಗ ಪಡಸಾಲಿಯೇ.

ಈ ಸಲ ಹೆಂಡತಿಯ ಮಾತು ಕೇಳಿದೆ. ಹಿಂದಿನ ದಿನ ಸೋಫಾ ಹೊರಗೆ ತೆಗೆದೆವು. ಅಡ್ಡ ಹಿಡಿದರೆ ಬಾಗಿಲಲ್ಲಿ ಹಿಡಿಯುವುದಿಲ್ಲ. ಒಂದು ಕೈ ಕೆಳಗೆ ಬರುವಂತೆ ನೆಟ್ಟಗೆ ನಿಲ್ಲಿಸಿ, ಬೆನ್ನಿನ ಭಾಗ ಮೊದಲು ದಾಟಿಸಿ, ಆಮೇಲೆ ತಿರುವಬೇಕು. ಅಲಮಾರಿಯನ್ನು ಮೂಲೆಗೆ ಸರಿಸಿದೆವು. ಅದನ್ನು ತುಂಬಿದ್ದಾಗಲೇ ಎಳೆದರೆ ಕಾಲು ಸೊಟ್ಟಗಾಗುತ್ತವೆ, ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ, ಪರ್ಸಿಯ ಮೇಲೆ ಗೀರು ಬೀಳುತ್ತದೆ. ಬಟ್ಟೆ ಬರೆ ತೆಗೆದು ಹಗುರ ಮಾಡಿ, ಒಂದು ಬದಿ ಎತ್ತಿ ಕಾಲಿನ ಕೆಳಗೆ ಗೋಣಿ ಚೀಲ ಹಾಸಿ, ಚೀಲವನ್ನೇ ಎಳೆದರೆ ಇಬ್ಬರಿಂದ ಆಗುತ್ತದೆ.

ಟೆಂಟ್ ಹೌಸಿನಿಂದ ಪ್ಲಾಸ್ಟಿಕ್ ಕುರ್ಚಿ ತಂದೆವು. ಮೊದಲ ಸಲ ಕೈ ಇಲ್ಲದ ಕುರ್ಚಿ ತಂದಿದ್ದೆ, ಜಾಗ ಕಡಿಮೆ ಹಿಡಿಯುತ್ತವೆ ಅಂತ. ಮೊಣಕಾಲು ನೋಯುವವರಿಗೆ ಅವು ಉಪಯೋಗ ಇಲ್ಲ. ಅವರು ಏಳುವುದು ಕಾಲಿನ ಬಲದಿಂದ ಅಲ್ಲ, ಕೈ ಊರಿ. ಅದಕ್ಕೆ ಈ ಸಲ ಕೈ ಇರುವ ಕುರ್ಚಿಯನ್ನೇ ತಂದೆ. ಒಂದೊಂದನ್ನೂ ಮಗುಚಿ ನೋಡಿದೆ. ಕಾಲು ಕೂಡುವ ಜಾಗದಲ್ಲಿ ಪ್ಲಾಸ್ಟಿಕ್ಕಿಗೆ ಬಿಳಿ ಗೆರೆ ಬಿದ್ದಿದ್ದರೆ ಅದು ಬಿರುಕಿಗೆ ಮೊದಲಿನ ಗುರುತು. ಅಂಥವು ಎರಡು ಇದ್ದವು, ವಾಪಸು ಕಳಿಸಿದೆ. ಉಳಿದವುಗಳಲ್ಲಿ ಮುದುಕರಿಗೆ ಅಂತ ಇಟ್ಟ ಕಡೆ ಒಂದರ ಮೇಲೊಂದು ಎರಡು ಕುರ್ಚಿ ಹಾಕಿದೆ. ಹಾಗೆ ಹಾಕಿದರೆ ಗಟ್ಟಿಯೂ ಆಗುತ್ತದೆ, ಒಂದಿಷ್ಟು ಎತ್ತರವೂ ಆಗುತ್ತದೆ. ಕುರ್ಚಿ ಎತ್ತರ ಇದ್ದಷ್ಟು ಏಳುವುದು ಹಗುರ. ಪಾಲಿಶ್ ಆದ ಪರ್ಸಿಯ ಮೇಲೆ ನೀರು ಬಿದ್ದರೆ ಪ್ಲಾಸ್ಟಿಕ್ ಕಾಲು ಜಾರುತ್ತವೆ. ಅದಕ್ಕೆ ಕುರ್ಚಿಯ ಬೆನ್ನು ಗೋಡೆಗೆ ತಾಗುವಂತೆ ಇಟ್ಟೆ, ಕೈ ಊರಿ ಏಳುವಾಗ ಹಿಂದಕ್ಕೆ ಸರಿಯದ ಹಾಗೆ.

ಲೆಕ್ಕ ಹೀಗಾಯಿತು. ದಾರಿಗೆ 8 ಕಲ್ಲು, ದಿವಾನಕ್ಕೆ 6, ಎಂಟು ಕುರ್ಚಿಗೆ 16, ಹುಡುಗಿ ಕೂಡುವ ಮಣೆಗೆ 2. ಉಳಿದ 16 ಕಲ್ಲು ಜಮಖಾನಕ್ಕೆ. ಮೇಲೆ ಕೂಡುವ ಜಾಗ ಮೊದಲ ಸಲ 11 ಇತ್ತು, ಈಗ 12. ಒಂದೇ ಒಂದು ಹೆಚ್ಚಾಯಿತು. ಬದಲಾದದ್ದು ಜಾಗದ ಲೆಕ್ಕ ಅಲ್ಲ. ಮೊದಲು "ಯಾರು ದೊಡ್ಡವರು?" ಅಂತ ಕೇಳಿ ಜಾಗ ಹಂಚಿದ್ದೆ. ಈಗ "ಯಾರಿಗೆ ನೆಲದಿಂದ ಏಳಲು ಬರುವುದಿಲ್ಲ?" ಅಂತ ಕೇಳಿ ಹಂಚಿದೆ. ಫೋನು ಮಾಡಿ ಎರಡೂ ಕಡೆಯ ಮನೆಯ ಹೆಂಗಸರನ್ನು ಮೆಲ್ಲಗೆ ಕೇಳಿದರೆ ಯಾರಿಗೆ ಮೊಣಕಾಲು, ಯಾರಿಗೆ ಸೊಂಟ, ಯಾರು ಬಸುರಿ ಅಂತ ಗೊತ್ತಾಗುತ್ತದೆ. ನಮ್ಮ ಕಡೆ ಐದು ಮಂದಿ, ಅವರ ಕಡೆ ನಾಲ್ಕು ಮಂದಿ, ಒಟ್ಟು ಒಂಬತ್ತು. ಹನ್ನೆರಡರಲ್ಲಿ ಇನ್ನೂ ಮೂರು ಉಳಿದವು.

ಕುರ್ಚಿಗಳನ್ನು ಒಂದೇ ಸಾಲಾಗಿ ಇಡಲಿಲ್ಲ. ಒಂದು ಗೋಡೆಗೆ ನಾಲ್ಕು, ಎದುರು ಗೋಡೆಗೆ ದಿವಾನದ ಪಕ್ಕ ನಾಲ್ಕು. ಒಂದೇ ಕಡೆ ಇಟ್ಟರೆ ಅದು ಗಂಡಿನ ಕಡೆಯವರ ಸಾಲು ಆಗಿಬಿಡುತ್ತದೆ. ಆಮೇಲೆ ಅಲ್ಲಿ ನಮ್ಮ ಮುದುಕರು ಹೋಗಿ ಕೂಡಲಾರರು.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಂಡತಿ ಹೇಳಿದ ಮಾತು. "ಬೀಗರು ಬರೂಕ್ಕಿಂತ ಮೊದಲೇ ದೊಡ್ಡವ್ವನ ಕೂಡಸ್ರಿ. ಅವರು ಬಂದಮ್ಯಾಲ ಅಕಿ ಕೂಡಂಗಿಲ್ಲ." ಇದು ನನಗೆ ಹೊಳೆದಿರಲಿಲ್ಲ. ಬೀಗರ ಎದುರು ಹೋಗಿ ಕುರ್ಚಿಯ ಮೇಲೆ ಕೂಡುವುದು ಬೇರೆ, ಕೂತಿರುವಾಗ ಬೀಗರು ಬರುವುದು ಬೇರೆ. ಮೊದಲನೆಯದರಲ್ಲಿ ಆಕೆ ಕುರ್ಚಿಯನ್ನು ಆರಿಸಿಕೊಂಡಂತೆ ಕಾಣುತ್ತದೆ. ಎರಡನೆಯದರಲ್ಲಿ ಆಕೆ ಮನೆಯ ಹಿರಿಯಳಾಗಿ ಮೊದಲೇ ಅಲ್ಲಿ ಇದ್ದಾಳೆ. ಅದಕ್ಕೆ ಹನ್ನೊಂದು ಗಂಟೆಗೆ ಬರುವವರಿಗಾಗಿ ಹತ್ತೂವರೆಗೇ ನಮ್ಮ ಐದು ಮಂದಿಯನ್ನು ಕೂಡಿಸಿದೆವು. ದೊಡ್ಡವ್ವನ ಕೈಯಲ್ಲಿ ಎಲೆ ಅಡಿಕೆಯ ತಾಟು ಕೊಟ್ಟೆವು. ಕೈಯಲ್ಲಿ ಕೆಲಸ ಇದ್ದರೆ ಏಳುವುದಿಲ್ಲ ಅಂತ.

ಬೀಗರು ಬಂದರು. ದೊಡ್ಡವ್ವ ತಾಟು ಪಕ್ಕಕ್ಕಿಟ್ಟು ಎದ್ದು ನಿಂತೇ ಬಿಟ್ಟಳು. ಎಪ್ಪತ್ತು ವರ್ಷದ ರೂಢಿ ಒಂದು ದಿನದಲ್ಲಿ ಹೋಗುವುದಿಲ್ಲ. ನನಗೆ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಗಂಡಿನ ಅಜ್ಜಿ ಬಾಗಿಲು ದಾಟಿ ಒಳಗೆ ಬಂದರು. ಅವರೂ ಗೋಡೆ ಹಿಡಿದು ನಡೆಯುವವರು. ದೊಡ್ಡವ್ವನ ಪಕ್ಕದ ಕುರ್ಚಿ ನೋಡಿ ಸೀದಾ ಬಂದು ಕೂತು, ಕೈ ಹಿಡಿದು ಜಗ್ಗಿ, "ಕೂಡವ್ವ, ನನಗೂ ಕಾಲಿಲ್ಲ, ನಿನಗೂ ಕಾಲಿಲ್ಲ" ಅಂದರು. ಇಬ್ಬರೂ ನಕ್ಕರು. ನಾವು ಹೇಳಬಾರದ ಮಾತನ್ನು ಅವರು ಹೇಳಿದರು, ಹೇಳುವ ಅಧಿಕಾರ ಅವರಿಗೆ ಇತ್ತು. ತನ್ನ ನೋವು ಹೇಳಿಕೊಂಡವರಿಗೆ ಮಾತ್ರ ಇನ್ನೊಬ್ಬರ ನೋವಿನ ಹೆಸರು ಹೇಳಲು ಬರುತ್ತದೆ.

ಎಲ್ಲವೂ ಸುಸೂತ್ರ ಆಯಿತು ಅಂತ ಬರೆದರೆ ಸುಳ್ಳು ಬರೆದಂತಾಗುತ್ತದೆ. ಗಂಡಿನ ಕಾಕಾ ಒಬ್ಬರು, ಐವತ್ತರ ಗಟ್ಟಿ ಆಳು. ಬಂದವರು ನಿಂತು ಸುತ್ತ ನೋಡಿ, "ಸೋಫಾ ಗೀಫಾ ಏನೂ ಇಲ್ಲೇನ್ರೀ?" ಅಂದರು. ಪಡಸಾಲಿ ಒಂದು ಗಳಿಗೆ ಗಪ್ಪಾಯಿತು. ಉಳಿಸಿಕೊಂಡ ಮೂರು ಜಾಗ ಆಗ ಕೆಲಸಕ್ಕೆ ಬಂದವು. ನಾನು ಅವರ ಹತ್ತಿರ ಹೋಗಿ ಕೈ ಹಿಡಿದು, "ಸೋಫಾ ತೆಗೆದೀವ್ರಿ, ಹಿರೇರು ಬಹಳ ಮಂದಿ ಅದಾರ. ನೀವು ನನ್ನ ಬಲ್ಲಿ ಬರ್ರಿ" ಅಂತ ದಿವಾನದ ಮೇಲೆ ಕೂಡಿಸಿದೆ. ಅವರ ಕಾಲ ಹತ್ತಿರ ಜಮಖಾನದ ಮೇಲೆ ನಾನೇ ಕೂತೆ. ಮುಖ ಸಡಿಲಾಯಿತು. ಪೂರ್ತಿ ಸಡಿಲಾಯಿತೋ ಇಲ್ಲವೋ ಹೇಳಲಾರೆ. ಹೋಗುವಾಗ ಶಾಲು ಹೊದಿಸಿ, ಬಸ್ಸಿನ ತನಕ ನಡೆದು ಹೋಗಿ ಕಳಿಸಿ ಬಂದೆ. ಮದುವೆ ನಡೆಯಿತು. ಇಂದಿಗೂ ಅವರು ಒಮ್ಮೊಮ್ಮೆ ಆ ಸೋಫಾದ ಮಾತು ತೆಗೆದು ಚೇಷ್ಟೆ ಮಾಡುತ್ತಾರೆ.

ಆ ದಿನ ತಿಳಿದದ್ದು ಇಷ್ಟು. ಮರ್ಯಾದೆ ಸುಳ್ಳಲ್ಲ, ಅದನ್ನು ತೆಗೆದು ಹಾಕಲೂ ಬರುವುದಿಲ್ಲ. ದೂರದಿಂದ ಬಂದ ಮನುಷ್ಯ ತನ್ನನ್ನು ಈ ಮನೆ ಹೇಗೆ ಕಂಡಿತು ಅಂತ ನೋಡುವುದು ತಪ್ಪಲ್ಲ. ಆದರೆ ಮರ್ಯಾದೆ ತೋರಿಸಲು ಹತ್ತು ದಾರಿ ಇವೆ. ಬಾಗಿಲ ತನಕ ಎದುರು ಹೋಗಬಹುದು, ಕಾಲಿಗೆ ನೀರು ಕೊಡಬಹುದು, ಮೊದಲ ಎಲೆ ಅಡಿಕೆ ಕೊಡಬಹುದು, ಪಕ್ಕದಲ್ಲಿ ಕೂತು ಮಾತಾಡಬಹುದು, ಶಾಲು ಹೊದಿಸಬಹುದು, ಬಸ್ಸಿನ ತನಕ ಹೋಗಿ ಕಳಿಸಿ ಬರಬಹುದು. ಸವೆದ ಮೊಣಕಾಲಿಗೆ ಇರುವುದು ಒಂದೇ ದಾರಿ, ಕುರ್ಚಿ. ಹತ್ತು ದಾರಿ ಇರುವವರಿಗೆ ಆ ಒಂದನ್ನೂ ಕೊಟ್ಟು, ಒಂದೇ ದಾರಿ ಇರುವವರನ್ನು ನಿಲ್ಲಿಸುವುದು ಅನ್ಯಾಯ. ಸಣ್ಣ ಪಡಸಾಲಿಯಲ್ಲಿ ಇದು ಬೇಗ ಕಾಣುತ್ತದೆ. ದೊಡ್ಡ ಬಂಗಲೆಯಲ್ಲಿ ಎಲ್ಲರಿಗೂ ಸೋಫಾ ಇರುತ್ತದೆ, ಅಲ್ಲಿ ಈ ಪ್ರಶ್ನೆ ಮುಚ್ಚಿಹೋಗುತ್ತದೆ.

ಇನ್ನೂ ಒಂದು ಬಾಕಿ ಇದೆ, ಅದನ್ನು ನಾನು ಪೂರ್ತಿ ತೀರಿಸಿಲ್ಲ. ದೊಡ್ಡವ್ವ ಈ ಸಲ ಕೂತಳು, ಆದರೆ ಅವಳ ಬದಲು ಅಡಿಗಿ ಮನೆಯಲ್ಲಿ ನಿಂತವರು ನನ್ನ ಹೆಂಡತಿ, ತಂಗಿ, ಓಣಿಯ ಮೂವರು ಹೆಂಗಸರು. ಅವರಿಗೆ ಅಂತ ಅಲ್ಲಿ ಒಂದು ಉದ್ದನೆಯ ಬೆಂಚು ಹಾಕಿಸಿದ್ದೆ. ಮಧ್ಯಾಹ್ನ ಹೋಗಿ ನೋಡಿದರೆ ಬೆಂಚಿನ ಮೇಲೆ ಹೋಳಿಗೆಯ ಪಾತ್ರೆ, ಅನ್ನದ ಬುಟ್ಟಿ ಕೂತಿದ್ದವು. ಹೆಂಗಸರು ನಿಂತಿದ್ದರು. ಜಾಗ ಕೊಟ್ಟರೆ ಸಾಲದು, ಕೂಡಲು ಬಿಡುವು ಕೊಡಬೇಕು. ಬಿಡುವು ಕೊಡಬೇಕಾದರೆ ಆ ಹೊತ್ತಿನಲ್ಲಿ ಬುಟ್ಟಿ ಹಿಡಿದು ಬಡಿಸಲು ಗಂಡಸರು ಏಳಬೇಕು. ಷಾಮಿಯಾನದಲ್ಲಿ ಕೂತಿದ್ದ ಹುಡುಗರನ್ನು ಕರೆದು ಕೊನೆಯ ಎರಡು ಪಂಕ್ತಿಗೆ ಬಡಿಸಲು ಹಚ್ಚಿದೆ. ಅನ್ನ ಚೆಲ್ಲಿದರು, ಸಾರು ಮುಗಿಯಿತು ಅಂತ ಸುಳ್ಳೇ ಕೂಗಿದರು, ಆದರೂ ಬಡಿಸಿದರು. ಆ ಹೊತ್ತಿಗೆ ಬೆಂಚು ಖಾಲಿ ಮಾಡಿ ಐದು ಮಂದಿ ಕೂತು ಬಿಸಿ ಇರುವಾಗಲೇ ಉಂಡರು.

ಮುಂದಿನ ತಿಂಗಳು ದೊಡ್ಡಪ್ಪನ ಪುಣ್ಯಸ್ಮರಣೆ ಇದೆ. ಮತ್ತೆ ಹಾಳೆ ತೆಗೆದು 48 ಚೌಕ ಹಾಕಿದ್ದೇನೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆ ಸಣ್ಣದು, ಗೊತ್ತು. ಅದಕ್ಕೇ ಈ ಸಲ ಮೊದಲು ಯಾರ ಕಾಲು ಹೇಗಿವೆ ಅಂತ ನೋಡಿ, ಆಮೇಲೆ ಹಾಸುತ್ತಿದ್ದೇನೆ. ಹಾಳೆಯ ಮೇಲೆ ಎಲ್ಲಕ್ಕಿಂತ ಮೊದಲು ಬರೆದದ್ದು ಅಡಿಗಿ ಮನೆಯವರ ಹೆಸರು.